ತಂಬುಳಿ ಪುಡಿಯಿಂದ ಶುರುವಾದ ಮೆಸೇಜು

ಮಗಳ ಮಗಳು ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತ ಮಳೆಗಾಲ ಅದು. ಶಿರಸಿ ಪೇಟೆಯಲ್ಲಿ ಝೆರಾಕ್ಸ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ನಾವಿಬ್ಬರೇ ಇದ್ದೆವು, ಈಗಲೂ ಇದ್ದೇವೆ. ಯಲ್ಲಾಪುರ ರಸ್ತೆಯಲ್ಲಿ ಶರಬತ್ತಿಗೆ ಮುರುಗಲು ಹಣ್ಣಿನ ಪುಡಿ ಮಾಡುವ ಒಂದು ಘಟಕವಿತ್ತು. ಪ್ಯಾಕೆಟ್ಟಿನೊಳಗೆ ಪುಡಿ ಎಷ್ಟು ಕಾಲ ಕೆಡದೆ ಉಳಿಯುತ್ತದೆ ಎಂದು ಪರೀಕ್ಷೆ ಮಾಡುವುದು ಅಲ್ಲಿ ಅವಳ ಕೆಲಸ. ಮಾಲಕರಿಗೆ ನಡೆಸಲು ಆಗಲಿಲ್ಲ, ಬೀಗ ಹಾಕಿದರು. ಅವಳಿಗೆ ಬರುವ ವಿದ್ಯೆ ಅದೊಂದೇ. ಅದಕ್ಕೆ ಶಿರಸಿಯಲ್ಲಿ ಮತ್ತೊಂದು ಜಾಗವಿಲ್ಲ.

ಪೇಟೆಯ ಬಟ್ಟೆ ಅಂಗಡಿಯವರು ಬಿಲ್ ಬರೆಯಲು ಬಾ ಎಂದು ಕರೆದಿದ್ದರು. ತಿಂಗಳ ಕೊನೆಯೊಳಗೆ ಹೂಂ ಅಥವಾ ಊಹೂಂ ಹೇಳಬೇಕಿತ್ತು. ಅವಳು ಊಹೂಂ ಎನ್ನಲು ಕಾರಣ ಹುಡುಕುತ್ತಿದ್ದಳು.

ಹುಬ್ಬಳ್ಳಿಯ ಒಂದು ಕಂಪನಿಯಲ್ಲಿ ಅವಳ ಕೆಲಸದಂಥದ್ದೇ ಒಂದು ಜಾಗ ಖಾಲಿ ಇತ್ತು. ಕಂಪ್ಯೂಟರಿನಲ್ಲಿ ಅರ್ಜಿ ಹಾಕಿದಳು. ಉತ್ತರ ಬರಲಿಲ್ಲ. ಹಾಗೆ ಹಾಕಿದ ಅರ್ಜಿಯನ್ನು ಮೊದಲು ಬೇರೆ ಯಾರೋ ಜರಡಿ ಹಿಡಿಯುತ್ತಾರಂತೆ. ಯಾರು ಬೇಕು, ಯಾರು ಬೇಡ ಎಂದು ತೀರ್ಮಾನಿಸುವವನು ಆ ವಿಭಾಗದ ಮ್ಯಾನೇಜರ್. ಅವನಿಗೇ ನೇರವಾಗಿ ಬರೆಯುತ್ತೇನೆ ಎಂದು ಫೋನ್ ಹಿಡಿದು ಕೂತಳು. ಬರೆದದ್ದನ್ನು ನನಗೆ ಕನ್ನಡದಲ್ಲಿ ಓದಿ ಹೇಳಿದಳು. ಕಲಿತ ಶಾಲೆ, ಕಾಲೇಜು, ಮಾರ್ಕು, ಬರುವ ಕೆಲಸಗಳು, ಶ್ರದ್ಧೆ, ಪ್ರಾಮಾಣಿಕತೆ. ಓದಿ ಮುಗಿಯುವಷ್ಟರಲ್ಲಿ ನಾನು ಅರ್ಧ ಸೌತೆಕಾಯಿ ಹೆಚ್ಚಿದ್ದೆ.

"ಇಷ್ಟುದ್ದ ಯಾರು ಓದ್ತ್ವೇ?" ಎಂದೆ. "ಮೊದಲು ಸೋಂದಾ ಕಡೆಯವು, ಇಂಥವರ ಮನೆ ಕೂಸು ಹೇಳಿ ಬರೆ. ಅವಂಗೆ ಗುರುತು ಹತ್ತಿದ್ರೆ ಮುಂದೆ ಓದ್ತ."

"ಅಮ್ಮಮ್ಮ, ಅವ ಯಂಗೆ ಹುಡುಗನ್ನ ನೋಡ್ತಾ ಇಲ್ಲೆ."

ನಮ್ಮ ಕಡೆ ಯಾರಿಗೆ ಏನು ಕೇಳುವುದಿದ್ದರೂ ಮೊದಲು ಯಾರ ಮನೆ ಎಂದು ಹೇಳಿಯೇ ಮುಂದಿನ ಮಾತು. ನಾನು ನಾಲ್ಕನೇ ಇಯತ್ತೆ ಕಲಿತವಳು, ನನಗೆ ಗೊತ್ತಿರುವ ದಾರಿ ಅದು. ಅವಳು ಆ ದಾರಿಯನ್ನೂ ಬಿಟ್ಟಳು, ತಾನು ಬರೆದದ್ದನ್ನೂ ಅಳಿಸಿದಳು.

ಆ ಕಂಪನಿ ಆಗಷ್ಟೇ ಒಂದೆಲಗದ ತಂಬುಳಿ ಪುಡಿಯನ್ನು ಹೊಸದಾಗಿ ಅಂಗಡಿಗೆ ಬಿಟ್ಟಿತ್ತು. ಮೊಸರಿಗೆ ಕದಡಿದರೆ ತಂಬುಳಿ. ಸೊಪ್ಪು ಹಿತ್ತಲಲ್ಲಿ ಪುಕ್ಕಟೆ ಬೆಳೆಯುವ ಊರಿನಲ್ಲಿ ಅದನ್ನು ಕೊಂಡು ತಂದಳಲ್ಲ ಎಂದು ನಾನು ಬೈದೆ. ಆದರೂ ಉಂಡೆ. ಉಪ್ಪು ಜಾಸ್ತಿ, ಸೊಪ್ಪಿನ ಪರಿಮಳ ಪರವಾಗಿಲ್ಲ.

ಪುಡಿಯ ಚೀಲದ ಬಾಯಿಗೆ ಒತ್ತಿ ಮುಚ್ಚುವ ಪಟ್ಟಿ ಇತ್ತು. ನಾನು ಮೊಸರಿನ ಚಮಚವನ್ನೇ ಅದರೊಳಗೆ ಹಾಕಿ ಪುಡಿ ತೆಗೆಯುತ್ತಿದ್ದೆ. ಒಂದು ವಾರ ಕಳೆಯುವಷ್ಟರಲ್ಲಿ ಪುಡಿ ಗಂಟುಕಟ್ಟಿ, ಚೀಲ ಅಲ್ಲಾಡಿಸಿದರೆ ಕಲ್ಲಿನ ಸದ್ದು.

"ಹಸಿ ಚಮಚ ಹಾಕಿದ್ಯಾ?" ಎಂದು ಕೇಳಿದಳು. ಬೈಯುತ್ತಾಳೆ ಎಂದುಕೊಂಡೆ. ಅವಳ ಮುಖ ಮಾತ್ರ ಅರಳಿತು.

"ಎಲ್ಲರ ಮನೇಲೂ ಹೀಂಗೇ ಹಾಕ್ತ. ಮಳೆಗಾಲದ ಗಾಳೀಲೇ ನೀರಿದ್ದು, ಮೇಲಿಂದ ಹಸಿ ಚಮಚ. ಯಂಗಳ ಮುರುಗಲ ಪುಡೀದೂ ಇದೇ ಕತೆ ಆಗಿತ್ತು."

ಆಗ ಬರೆದ ಮೆಸೇಜನ್ನು ಎರಡೇ ಉಸಿರಿಗೆ ಓದಿದಳು. ನಿಮ್ಮ ಹೊಸ ತಂಬುಳಿ ಪುಡಿಯನ್ನು ತಂದು ಮನೆಯಲ್ಲಿ ಬಳಸಿದೆವು, ಸೊಪ್ಪಿನ ಪರಿಮಳ ಚೆನ್ನಾಗಿ ಉಳಿದಿದೆ. ಚೀಲ ತೆರೆದ ಮೇಲೆ ಮಳೆಗಾಲದಲ್ಲಿ ಪುಡಿ ಗಂಟಾಗುವುದನ್ನು ಕಂಡೆ. ನಾನು ಹಿಂದೆ ಇದ್ದ ಘಟಕದಲ್ಲಿ ಪುಡಿಯನ್ನು ತೇವದ ಪೆಟ್ಟಿಗೆಯಲ್ಲಿಟ್ಟು, ಎಷ್ಟು ನೀರು ಹೀರುತ್ತದೆ ಎಂದು ತೂಕ ನೋಡಿ ಇದನ್ನೇ ಪರೀಕ್ಷಿಸಿದ್ದೆ. ಆಮೇಲೆ ದೊಡ್ಡ ಚೀಲ ಬಿಟ್ಟು ಒಂದು ಸಲಕ್ಕೆ ಒಂದು ಸಣ್ಣ ಪೊಟ್ಟಣ ಮಾಡಿದೆವು, ದೂರು ನಿಂತಿತು. ನಿಮ್ಮಲ್ಲಿ ಖಾಲಿ ಇರುವ ಜಾಗದ ಬಗ್ಗೆ ಹದಿನೈದು ನಿಮಿಷ ಮಾತನಾಡಬಹುದೇ? ಅಷ್ಟೇ. ಕಾಲೇಜೂ ಇಲ್ಲ, ಮಾರ್ಕೂ ಇಲ್ಲ.

"ಅವ ಹೊಸತಾಗಿ ಮಾಡಿದ್ದಕ್ಕೆ ಕೊಂಕು ತೆಗೀತ್ಯಾ? ಹೆಣ್ಣು ಕೇಳಲೆ ಹೋದವು ಕೂಸಿನ ಮೂಗು ಚಪ್ಪಟೆ ಹೇಳಿ ಮಾತು ಶುರು ಮಾಡಿದಾಂಗೆ ಆತು."

"ಬರೀ ಹೊಗಳುವವು ನೂರು ಜನ ಇದ್ದ. ಯಾರೂ ಚೀಲ ಒಡೆದು ನೋಡಿರ್ತ್ವಿಲ್ಲೆ."

ಕಳಿಸಿದಳು. ಮಾರನೆಯ ದಿನವೇ ಅವನ ಉತ್ತರ ಬಂತು. ನನಗೇ ನಂಬಿಕೆ ಬರಲಿಲ್ಲ. ಶುಕ್ರವಾರ ಫೋನ್ ಮಾಡಿದ. ಅವಳು ಸ್ಪೀಕರ್ ಹಾಕಿ ಅಡುಗೆ ಕೋಣೆಯಲ್ಲೇ ಮಾತಾಡಿದಳು, ಅಲ್ಲಿ ಮಾತ್ರ ಸಿಗ್ನಲ್ ನಿಲ್ಲುತ್ತದೆ.

"ನಮ್ಮ ಪುಡಿ ಖರೇನ ಬಳಸಿ ಬರದವ್ರು ನೀವೊಬ್ರೇ ನೋಡ್ರಿ," ಎಂದ. ತೇವದ ಪೆಟ್ಟಿಗೆಯನ್ನು ಎಷ್ಟು ಬಿಸಿಯಲ್ಲಿ ಇಟ್ಟಿರಿ, ಪೊಟ್ಟಣದ ಒಳಪದರ ಯಾವುದು ಎಂದೆಲ್ಲ ಕೇಳಿದ. ಇವಳು ತಡವರಿಸದೆ ಹೇಳಿದಳು. ನಡುವೆ ಅವನು ನಕ್ಕದ್ದೂ ಕೇಳಿಸಿತು. ಹುಬ್ಬಳ್ಳಿಗೆ ಬಂದು ನಮ್ಮ ಲ್ಯಾಬ್ ನೋಡಿ ಹೋಗ್ರಿ, ದಿನ ಆಮೇಲೆ ತಿಳಸ್ತೀನಿ ಎಂದು ಇಟ್ಟ.

ಅವಳು ಅಂದೇ ಬಟ್ಟೆ ಅಂಗಡಿಗೆ ಹೋಗಿ ಆಗುವುದಿಲ್ಲ ಎಂದು ಹೇಳಿ ಬಂದಳು. ದಿನ ಗೊತ್ತಾಗುವವರೆಗೆ ತಡೆ ಎಂದಿದ್ದೆ. ಕೇಳಲಿಲ್ಲ. ಇಸ್ತ್ರಿ ಮಾಡಿದ ಚೂಡಿದಾರ ಬಾಗಿಲ ಹಿಂದೆ ತೂಗುತ್ತಿತ್ತು, ದಿನ ಬರಲಿಲ್ಲ. ಅವಳು ಒಂದು ಸಲ ನೆನಪಿಸಿ ಬರೆದಳು. ಮತ್ತೆ ಬರೆಯಲಿಲ್ಲ. ದುಂಬಾಲು ಬಿದ್ದ ಹಾಗೆ ಕಾಣುತ್ತದಂತೆ.

ಕೊನೆಗೆ ಅವನೇ ಫೋನ್ ಮಾಡಿದ. ಈ ಸಲ ದನಿಯಲ್ಲಿ ನಗು ಇರಲಿಲ್ಲ.

"ನೀವು ಬರದಿದ್ದು ಖರೇ ಆತ್ರಿ. ಕರಾವಳಿ ಕಡಿಂದ, ಮಲೆನಾಡಿಂದ ಅಂಗಡಿಯವ್ರು ಚೀಲ ವಾಪಸ್ ಕಳಿಸ್ಲಿಕ್ಕತ್ತಾರ. ಎಲ್ಲಾ ಗಂಟು. ಮ್ಯಾಲಿನವ್ರು ಆ ಪುಡೀನ ನಿಲ್ಲಿಸಿಬಿಟ್ರು. ಅದಕ್ಕಂತ ತೆಗದಿದ್ದ ಜಾಗಾನೂ ಹೋತು."

"ಪೊಟ್ಟಣ ಮಾಡಿ ನೋಡ್ಲಕ್ಕಲ್ದಾ ಸರ್?" ಗಾಬರಿಯಲ್ಲಿ ಅವಳಿಗೆ ಮನೆಯ ಮಾತೇ ಬಂತು.

"ಹೇಳಿದೆ ನಾನು. ಕೇಳಲಿಲ್ರಿ." ಆಮೇಲೆ, "ನನ್ನ ಕುರ್ಚೀನೂ ಗಟ್ಟಿ ಇಲ್ಲ ಈಗ. ನಿಮ್ಮ ನಂಬರ್ ಇಟ್ಕೊಂಡಿರ್ತೀನಿ," ಎಂದ.

ಫೋನ್ ಇಟ್ಟ ಮೇಲೆ ಅವಳು ಅಳಲಿಲ್ಲ. ಬಾಗಿಲ ಹಿಂದಿನ ಚೂಡಿದಾರ ತೆಗೆದು ಮಡಚಿಟ್ಟಳು. ಮೆಸೇಜಿನಲ್ಲಿ ತಪ್ಪಿರಲಿಲ್ಲ. ಅವಳು ಯಾವ ಪುಡಿ ಹಿಡಿದು ಮಾತು ಶುರು ಮಾಡಿದ್ದಳೋ ಆ ಪುಡಿಯೇ ಇಲ್ಲವಾಯಿತು.

ಬಟ್ಟೆ ಅಂಗಡಿಯಲ್ಲಿ ಅಷ್ಟರಲ್ಲಿ ಬೇರೆಯವಳನ್ನು ತೆಗೆದುಕೊಂಡಿದ್ದರು. ಹಬ್ಬದ ಗಿರಾಕಿಗೆ ಸೀರೆ ಬಿಚ್ಚಿ ತೋರಿಸಿ ಮತ್ತೆ ಮಡಚಿಡುವ ಕೆಲಸವಿದೆ, ಬೇಕಾದರೆ ಬಾ ಎಂದರು. ಹೋದಳು. ಈಗಲೂ ಹೋಗುತ್ತಾಳೆ. ಸಂಜೆ ಬಂದು ಕಾಲು ಚಾಚಿ, ಯಾವ ಕಂಪನಿ ಏನು ಹೊಸತು ಬಿಟ್ಟಿತು ಎಂದು ಫೋನಿನಲ್ಲಿ ನೋಡುತ್ತಾಳೆ. ಒಂದೊಂದು ದಿನ ನೋಡುವುದೂ ಇಲ್ಲ.

ಆ ಚೀಲ ಬಹಳ ದಿನ ಫ್ರಿಜ್ಜಿನ ಮೇಲೆ ಬಿದ್ದಿತ್ತು. ಒಂದು ರಾತ್ರಿ ಸಾಂಬಾರು ಮಾಡಲು ನನಗೆ ಬೇಸರ ಬಂತು. ಗಂಟನ್ನು ಕುಟ್ಟಾಣಿಯಲ್ಲಿ ಕುಟ್ಟಿ, ಮೊಸರಿಗೆ ಕದಡಿ ಬಡಿಸಿದೆ.

"ಇದು ಅದೇಯಾ?" ಎಂದಳು.

"ಅದೇ. ಬೇಡ್ದಾ?"

ಅವಳು ಅನ್ನಕ್ಕೆ ಕಲಸಿಕೊಂಡು ಉಂಡಳು. ಉಪ್ಪು ಆಗಲೂ ಜಾಸ್ತಿಯೇ ಇತ್ತು.