ಅಳಿಸದ ಗೆರೆಗಳು

ನಾನು ಹೊಳೆನರಸೀಪುರದಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತನಾದವನು. ನುಗ್ಗೇಹಳ್ಳಿ ದೇವಸ್ಥಾನದ ಕರಪತ್ರಕ್ಕೆ ಒಂದು ಇದ್ದಿಲು ಚಿತ್ರ ಬೇಕಾಗಿತ್ತು. ನನ್ನ ಕೈ ಈಗ ನಡುಗುತ್ತದೆ. ಹಾಗಾಗಿ ಚನ್ನರಾಯಪಟ್ಟಣದಲ್ಲಿ ಡಿಟಿಪಿ ಅಂಗಡಿ ಇಟ್ಟಿರುವ ಹಳೆಯ ಶಿಷ್ಯೆಯ ಬಳಿ ಹೋದೆ. ಬರೆದು ಹೇಳಿದರೆ ಚಿತ್ರ ಮಾಡಿಕೊಡುವ ಎಐ ಅವಳ ಕಂಪ್ಯೂಟರಿನಲ್ಲಿತ್ತು.

‘ದೇವಸ್ಥಾನದ ಇದ್ದಿಲು ಚಿತ್ರ’ ಎಂದು ಟೈಪ್ ಮಾಡಿದೆ. ದೇವಸ್ಥಾನದ ಮುಂದೆ ಇದ್ದಿಲಿನ ರಾಶಿಯೇ ಬಂತು. ಸಿಟ್ಟಿನಿಂದ ಬಿಡಿಸಿ ಬರೆದೆ: ‘ಒರಟು ಕಾಗದದ ಮೇಲೆ ಇದ್ದಿಲ ಕಡ್ಡಿಯಲ್ಲಿ ಬರೆದ ಚಿತ್ರ. ಕಾಗದದ ತರಿ ಕಾಣಬೇಕು. ಬೆಳಕು ಎಡಗಡೆಯಿಂದ ಬೀಳಬೇಕು. ನೆರಳು ತಿಳಿಯಿಂದ ಗಾಢಕ್ಕೆ ಹಂತಹಂತವಾಗಿ ಇಳಿಯಬೇಕು.’ ಕೇಳಿದ್ದೆಲ್ಲ ಬಂತು. ಆದರೂ ಫೋಟೋಗೆ ಮಸಿ ಬಳಿದ ಹಾಗಿತ್ತು.

“ಏನಮ್ಮ ಕಮ್ಮಿ ಇದರಲ್ಲಿ?” ಎಂದೆ.

“ಮೊದ್ಲು ಅಳತೆಗೆ ತೆಳ್ಳಗೆ ಗೆರೆ ಎಳೀತೀವಲ್ಲ ಸಾ, ಅವು ಅಲ್ಲಲ್ಲಿ ಅಂಗೇ ಉಳ್ದಿರ್ಲಿ ಅಂತ ಸೇರ್ಸಿ” ಎಂದಳು.

ಸೇರಿಸಿದೆ. ಶಿಖರದ ನಡುಗೆರೆ, ಗುಡಿ ನಿಂತ ಕಟ್ಟೆಯ, ಅಂದರೆ ಜಗತಿಯ, ಅಂಚು ದಾಟಿ ಹೋದ ಗೆರೆ, ಎರಡೆರಡು ಸಲ ಎಳೆದ ಕಂಬ, ಎಲ್ಲ ಬಂದವು. ಯಾರೋ ಕೂತು ಬರೆದ ಹಾಗಾಯಿತು. ಚೆನ್ನಾಗಿದೆ ಎಂದೆ.

ಅವಳು ಪ್ರಿಂಟ್ ಕೊಡುತ್ತಲೇ ಹೇಳಿದಳು: “ಈ ಗೆರೆ ಅಳಿಸ್ಲಿಲ್ಲ ಅಂತಾನೇ ಅವತ್ತು ಸ್ಕೂಲಲ್ಲಿ ನನ್ ಹಾಳೆ ಹರ್ದಾಕಿದ್ರಿ ಸಾ.”