ಅಕ್ಕನ ಖಾನಾವಳಿಯ ಬೇಯದ ಬೇಳೆ

ನಾನು ಸೊಲ್ಲಾಪುರದಲ್ಲಿ ನೀರಿನ ಫಿಲ್ಟರ್ ಮಾರುತ್ತೇನೆ, ರಿಪೇರಿಯನ್ನೂ ಮಾಡುತ್ತೇನೆ. ಊರಿನವರೆಲ್ಲ ಅಂಗಡಿಗೆ ಬಂದು ನನ್ನ ಸಲಹೆ ಕೇಳುತ್ತಾರೆ. ನನ್ನ ಅಕ್ಕ ಮಾತ್ರ ಬಂದು ನನಗೇ ಸಲಹೆ ಕೊಟ್ಟು ಹೋಗುತ್ತಾಳೆ. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಅಕ್ಕ ಬಹಳ ವರ್ಷ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನ ಚಾದರ ಕಾರ್ಖಾನೆಯೊಂದರಲ್ಲಿ ಅಂಚು ಹೊಲಿಯುತ್ತಿದ್ದಳು. ಬೆನ್ನು ನೋಯತೊಡಗಿದ ಮೇಲೆ ಆ ಕೆಲಸ ಬಿಟ್ಟು ಅದೇ ರಸ್ತೆಯಲ್ಲಿ ಪತ್ರಾಸಿನ ತಗಡಿನ ಸೂರಿನ ಕೆಳಗೆ ಖಾನಾವಳಿ ಇಟ್ಟಳು. ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ತೊಗರಿಬೇಳೆ. ಆ ಕಾರ್ಖಾನೆಯ ಕೆಲಸಗಾರರನ್ನು ನೋಡಿಕೊಳ್ಳುವ ಮುಕಾದಮ ಮಗ್ಗದವರ ಮಧ್ಯಾಹ್ನದ ಊಟವನ್ನೆಲ್ಲ ಅವಳಿಗೇ ವಹಿಸುವ ಮನಸ್ಸು ಮಾಡಿದ್ದ. ಅದು ಸಿಕ್ಕರೆ ಖಾನಾವಳಿ ನಿಲ್ಲುತ್ತದೆ, ಇಲ್ಲದಿದ್ದರೆ ಅಕ್ಕ ಮತ್ತೆ ಸೂಜಿ ಹಿಡಿಯಬೇಕು. ಇದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ತೊಡಕಿದ್ದದ್ದು ಬೇಳೆಯಲ್ಲಿ. ಅಲ್ಲಿನ ಬೋರ್‌ವೆಲ್ಲಿನ ನೀರು ಸವಳು. ಸಾಬೂನು ಹಚ್ಚಿದರೆ ನೊರೆ ಬರುವುದಿಲ್ಲ, ನೀರು ಕಾಯಿಸಿದ ಪಾತ್ರೆಯ ಒಳಗೆ ಸುಣ್ಣ ಬಳಿದಂತೆ ಬಿಳಿ ಪದರ ಕಟ್ಟುತ್ತದೆ. ಸುಣ್ಣದಂಥ ಉಪ್ಪು ಕರಗಿದ ಅಂಥ ಗಡಸು ನೀರಿನಲ್ಲಿ ತೊಗರಿಬೇಳೆ ಎಷ್ಟು ಕುದಿಸಿದರೂ ಕರಗುವುದಿಲ್ಲ. ಅಕ್ಕ ಸೋಡಾ ಹಾಕಿ ನೋಡಿದಳು. ಬೇಳೆ ಮೆತ್ತಗಾಯಿತು, ಆದರೆ ಉಂಡವರು ಸಾಬೂನಿನ ವಾಸನೆ ಬರುತ್ತದೆ ಎಂದರು. ಒಂದು ದಿನ ಮುಕಾದಮನೇ ತಾಟಿನ ಬೇಳೆಯನ್ನು ಬೆರಳಿನಿಂದ ಒತ್ತಿ ನೋಡಿ ಹೇಳಿದ.

"ಅಕ್ಕಾರ, ರೊಟ್ಟಿ ಫಸ್ಟ್ ಕ್ಲಾಸ್ ಅದಾವ್ರಿ. ಆದ್ರ ಈ ಬ್ಯಾಳಿ ಹಲ್ಲಿಗೆ ಕಟಕಟ ಅಂತೈತ್ರಿ. ಮುಂದಿನ ಸೋಮವಾರ ಮತ್ತ ಬರ್ತೀನಿ, ಅವತ್ತ ಪಕ್ಕಾ ಮಾಡೋಣ."

ಅವತ್ತೇ ಸಂಜೆ ಅಕ್ಕ ನನ್ನ ಅಂಗಡಿಗೆ ಬಂದಳು. ಏನು ಬೇಕೆಂದು ಮೊದಲೇ ತೀರ್ಮಾನಿಸಿಕೊಂಡು ಬಂದಿದ್ದಳು.

"ನಿನ್ ಮನ್ಯಾಗ ಆ ನೀಲಿ ದೀಪದ್ದು ಐತಲ್ಲ, ಅದನ್ನ ನನಗೂ ಹಚ್ಚಿ ಕೊಡು."

"ಅದು ಯುವಿ ಅಕ್ಕಾ. ಅದು ಕ್ರಿಮಿ ಸಾಯಿಸ್ತೈತಿ, ಉಪ್ಪು ತಗಿಯಂಗಿಲ್ಲ. ನಮ್ಮನಿಗೆ ಬರೋದು ಕಾರ್ಪೋರೇಶನ್ ನೀರು, ಅದರಾಗ ಉಪ್ಪು ಕಡಿಮಿ. ಒಮ್ಮೆ ಬಂದ್ರ ಮತ್ತ ಬರೂತನಕ ಟಾಕಿಯೊಳಗ ತುಂಬಿ ಇಡ್ತೀವಿ, ಕ್ರಿಮಿ ಆಗಬಾರ್ದು ಅಂತ ಅದನ್ನ ಹಚ್ಚೀನಿ."

"ಹಂಗಾರ ನಮ್ ಅತ್ತಿದು, ಆ ಮೇಣಬತ್ತಿ ಫಿಲ್ಟರ್?"

ಅವಳ ಅತ್ತೆ ಮಂದ್ರೂಪದ ಕಡೆಯವರು, ಕುರಿ ಸಾಕುವ ಮನೆ. ಅವರ ಅಡುಗೆಮನೆಯಲ್ಲಿ ಸ್ಟೀಲಿನ ಕ್ಯಾಂಡಲ್ ಫಿಲ್ಟರ್ ಇದೆ. ಬಾವಿಯ ನೀರು ಸಿಹಿ, ಮಳೆಗಾಲದಲ್ಲಿ ಮಾತ್ರ ರಾಡಿ. ಪಿಂಗಾಣಿಯ ಬತ್ತಿ ರಾಡಿಯನ್ನು ಚೆನ್ನಾಗಿ ಹಿಡಿಯುತ್ತದೆ, ಕರೆಂಟು ಬೇಡ, ಆಗಾಗ ಉಜ್ಜಿ ತೊಳೆದರೆ ಸಾಕು. ಆದರೆ ಎಲ್ಲ ರೋಗಾಣುಗಳೂ ಅದಕ್ಕೆ ಸಿಕ್ಕಿಬೀಳುವುದಿಲ್ಲ. ಅದಕ್ಕೇ ಸೋಸಿದ ಮೇಲೆ ಕುದಿಸಿ ಕುಡಿಯಿರಿ ಎಂದು ಅವರಿಗೆ ನಾನೇ ಹೇಳಿದ್ದೆ. ಆ ಮನೆಗೆ ಅದು ಸರಿ. ಕರಗಿ ಕೂತ ಉಪ್ಪಿಗೆ ಅದು ಏನೂ ಮಾಡುವುದಿಲ್ಲ.

ಇದನ್ನೆಲ್ಲ ವಿವರಿಸುವಷ್ಟರಲ್ಲಿ ನನ್ನ ಗಂಟಲು ಒಣಗಿತು. ನನಗೆ ಸಿಟ್ಟು ಬೇಗ ಬರುತ್ತದೆ, ಅಕ್ಕನ ಮುಂದೆ ಇನ್ನೂ ಬೇಗ. ಕೊನೆಗೆ ಅವಳನ್ನು ಸ್ಕೂಟರ್ ಹಿಂದೆ ಕೂರಿಸಿಕೊಂಡು ಖಾನಾವಳಿಗೇ ಹೋಗಿ, ಬೋರಿನ ನೀರಿನಲ್ಲಿ ಟಿಡಿಎಸ್ ಮೀಟರ್ ಅದ್ದಿದೆ. ಅಂಕಿ ಸಾವಿರ ದಾಟಿ ನಿಂತಿತು. ಕ್ರಿಮಿ ಇದೆಯೋ ಇಲ್ಲವೋ ಎಂಬುದನ್ನು ಆ ಮೀಟರ್ ಹೇಳುವುದಿಲ್ಲ. ನೀರಿನಲ್ಲಿ ಕರಗಿದ ಉಪ್ಪೆಷ್ಟು ಎಂಬುದನ್ನಷ್ಟೇ ಹೇಳುತ್ತದೆ. ಅಂಕಿ ನೋಡಿದ ಮೇಲೆ ಅಕ್ಕ, ಉಪ್ಪನ್ನೂ ತೆಗೆಯುವ ಆರ್‌ಓ ಮಷಿನ್ನಿಗೆ ಒಪ್ಪಿದಳು. ಖಾನಾವಳಿಗೆ ಸಾಕಾಗುವಷ್ಟು ದೊಡ್ಡ ಮಷಿನ್ ತಂದು ಗೋಡೆಗೆ ಕೂರಿಸಿದೆ. "ಈ ಪೈಪಿನಾಗ ಚಲೋ ನೀರು, ಆ ಪೈಪಿನಾಗ ಬಿಟ್ಟು ಹೋಗೋ ನೀರು" ಎಂದು ತೋರಿಸಿ, ಗೆದ್ದವನ ಗತ್ತಿನಲ್ಲಿ ಮನೆಗೆ ಬಂದೆ.

ಸೋಮವಾರ ಬೆಳಿಗ್ಗೆ ನಾನು ಅಕ್ಕಲಕೋಟದಲ್ಲಿದ್ದೆ. ಯಾತ್ರಿಕರು ಇಳಿದುಕೊಳ್ಳುವ ಒಂದು ವಸತಿಗೃಹದ ಮಷಿನ್ ಬಿಚ್ಚಿ ಕೂತಿದ್ದೆ. ಆಗ ಫೋನ್ ಬಂತು.

"ತಮ್ಮಾ, ನಿನ್ ಮಷಿನ್ ಹಾಳಾಗಿ ಹೋಗ್ಲಿ. ಬ್ಯಾಳಿ ಮೊದಲಿಗಿಂತ ಗಟ್ಟಿ ಆಗೇದ. ನಿನ್ನೆ ಉಂಡವ್ರು ಅರ್ಧ ತಾಟು ಬಿಟ್ಟು ಎದ್ದಾರ. ಮಧ್ಯಾಹ್ನಕ್ಕ ಮುಕಾದಮ ಬರ್ತಾನ, ನಾ ಏನ್ ಮಾಡ್ಲಿ?"

ಅವಳ ದನಿ ನಡುಗುತ್ತಿತ್ತು. ಬಿಚ್ಚಿದ್ದನ್ನು ಜೋಡಿಸಿ, ಉಳಿದದ್ದಕ್ಕೆ ನಾಳೆ ಬರುತ್ತೇನೆಂದು ಹೇಳಿ ಸ್ಕೂಟರ್ ಓಡಿಸಿದೆ. ದಾರಿಯುದ್ದಕ್ಕೂ ಮಷಿನ್ನಿನೊಳಗೆ ಉಪ್ಪು ತಡೆಯುವ ಪೊರೆ ಹರಿದಿರಬೇಕು, ಕಂಪನಿಯವನು ಟೋಪಿ ಹಾಕಿರಬೇಕು ಎಂದು ಕಂಡವರನ್ನೆಲ್ಲ ಬೈದುಕೊಂಡೆ.

ಹೋದವನೇ ಮಷಿನ್ನಿನ ನೀರಿಗೆ ಮೀಟರ್ ಅದ್ದಿದೆ. ಅಂಕಿ ನೂರು ಕೂಡ ಇರಲಿಲ್ಲ. ಮಷಿನ್ ಸರಿಯಾಗಿಯೇ ಇತ್ತು. ಆಮೇಲೆ ಒಲೆಯ ಮೇಲಿನ ಬೇಳೆ ಪಾತ್ರೆ ನೋಡಿದೆ, ಪಕ್ಕದಲ್ಲಿದ್ದ ನೀರಿನ ಡ್ರಮ್ ನೋಡಿದೆ. ಬಿಟ್ಟು ಹೋಗುವ ನೀರಿನ ಪೈಪು ನೇರವಾಗಿ ಆ ಡ್ರಮ್ಮಿಗೆ ಇಳಿದಿತ್ತು.

"ಅಕ್ಕಾ, ಬ್ಯಾಳಿಗೆ ಈ ಡ್ರಮ್ಮಿಂದ ಹಾಕಿದೇನು?"

"ಮತ್ತೇನ್ ಮಾಡ್ಬೇಕು? ಚಲೋ ನೀರು ಕುಡಿಯೋರಿಗೆ. ಇಷ್ಟ್ ನೀರು ಗಟಾರಕ್ಕ ಬಿಟ್ರ ನಮ್ ದೇವ್ರು ಬೀರೋಬ ಮೆಚ್ತಾನೇನು? ನಮ್ ಅತ್ತಿ ಕೈ ತೊಳದ ನೀರೂ ಕುರಿ ನೀರು ಕುಡಿಯೋ ದೋಣಿಗೆ ಹಾಕ್ತಾಳ."

ನಾನು ನಕ್ಕುಬಿಟ್ಟೆ. ಅಕ್ಕ ಸೌಟು ಎತ್ತಿದ್ದರಿಂದ ನಗು ನುಂಗಿಕೊಂಡು ವಿವರಿಸಿದೆ. ಮಷಿನ್ ಉಪ್ಪನ್ನು ಸುಡುವುದಿಲ್ಲ, ಒಂದು ಕಡೆಯ ನೀರಿನಿಂದ ತೆಗೆದು ಇನ್ನೊಂದು ಕಡೆಗೆ ನೂಕುತ್ತದೆ, ಅಷ್ಟೇ. ಆ ಇನ್ನೊಂದು ಕಡೆಯ ನೀರು ಬೋರಿನ ನೀರಿಗಿಂತಲೂ ಗಡಸು. ಮೀಟರನ್ನು ಡ್ರಮ್ಮಿಗೆ ಅದ್ದಿ ತೋರಿಸಿದೆ. ಬೋರಿನ ಅಂಕಿ ಅವಳಿಗೆ ನೆನಪಿತ್ತು, ಇದು ಅದನ್ನೂ ಮೀರಿತ್ತು. ಅಕ್ಕನ ಸೌಟು ಮೆಲ್ಲಗೆ ಕೆಳಗಿಳಿಯಿತು. ನೀರು ಚೆಲ್ಲಬಾರದು ಎಂದು ಬೆಳೆದವಳಿಗೆ ಹೀಗೂ ಇರುತ್ತದೆ ಎಂದು ಹೇಗೆ ತಿಳಿಯಬೇಕು? ಪೈಪು ತೋರಿಸಿ ಹೋದ ನಾನು ಆ ನೀರನ್ನು ಏನು ಮಾಡಬೇಕೆಂದು ಒಂದು ಮಾತೂ ಹೇಳಿರಲಿಲ್ಲ.

"ಇದನ್ನ ನೆಲ ಒರಸಾಕ, ಭಾಂಡಿ ಮೊದಲ ಸರ್ತಿ ತಿಕ್ಕಾಕ ಇಟ್ಕೋ. ಒಂದ್ ಹನಿನೂ ಗಟಾರಕ್ಕ ಹೋಗೂದು ಬ್ಯಾಡ. ಬ್ಯಾಳಿ ತೊಳಿಯೋದು, ನೆನಸೋದು, ಕುದಸೋದು ಎಲ್ಲಾ ಚಲೋ ನೀರಾಗ."

ಹಳೆಯ ಬೇಳೆ ಪಕ್ಕಕ್ಕಿಟ್ಟೆವು. ಹೊಸ ಬೇಳೆಯನ್ನು ಬಿಸಿನೀರಿನಲ್ಲಿ ನೆನೆಯಿಟ್ಟು, ಅಕ್ಕ ರೊಟ್ಟಿ ಬಡಿಯಲು ಕೂತಳು, ನಾನು ನೆನೆದ ಬೇಳೆಯನ್ನು ಒಲೆಗೇರಿಸಿ ಕಾಯುತ್ತ ಕೂತೆ. ಆ ಹೊತ್ತಿಗೆ ಎದುರಿನ ಶೆಡ್ಡಿನ ಮಗ್ಗಗಳ ಸದ್ದು ನಿಂತಿತು. ಊಟದ ಬಿಡುವು. ನಾನು ಮುಚ್ಚಳ ತೆಗೆದು ಸೌಟಿನಿಂದ ಒಂದು ಸಲ ಒತ್ತಿದೆ. ಬೇಳೆ ಕೂತಲ್ಲೇ ಕರಗಿತು. ಅಕ್ಕ ಬೆಳ್ಳುಳ್ಳಿ, ಜೀರಿಗೆ, ಒಣಮೆಣಸಿನಕಾಯಿಯ ಒಗ್ಗರಣೆ ಚುರ್ರೆನ್ನಿಸಿದಳು.

ಮುಕಾದಮ ಬಂದು ಕೂತ. ರೊಟ್ಟಿ ಮುರಿದು ಬೇಳೆಯಲ್ಲಿ ಅದ್ದಿ ಬಾಯಿಗಿಟ್ಟ. ಮತ್ತೊಂದು ರೊಟ್ಟಿ ಕೇಳಿದ, ಮತ್ತೆ ಬೇಳೆ ಕೇಳಿದ. ತಾಟು ಒರೆಸಿಕೊಂಡು ಉಂಡ ಮೇಲೆ ಬಾಯಿ ಬಿಟ್ಟ.

"ನಾಳಿಯಿಂದ ಎಲ್ಲರದೂ ಇಲ್ಲೇ ರೀ ಅಕ್ಕಾರ."

ಅಕ್ಕ ಆಗಲೆಂದು ತಲೆ ಆಡಿಸಿದಳು. ಅವನು ಹೋದ ಮೇಲೆ ಹಿಟ್ಟು ಮೆತ್ತಿದ ಎರಡೂ ಕೈ ಮುಂದೆ ಚಾಚಿ, ಬೆರಳ ತುದಿಗಳಲ್ಲಿದ್ದ ಸೂಜಿಯ ಹಳೆಯ ಕಪ್ಪು ಗುರುತುಗಳನ್ನು ನೋಡಿಕೊಂಡಳು.

"ಇನ್ನ ಈ ಕೈ ಸೂಜಿ ಹಿಡಿಯಂಗಿಲ್ಲ ತಮ್ಮಾ" ಎಂದಳು.

ಅವಳು ಅಳುತ್ತಾಳೆ ಅಂದುಕೊಂಡೆ. ಅತ್ತದ್ದು ನಾನು. ಅವಳು ತಾಟು ತಂದು ನನ್ನ ಮುಂದಿಟ್ಟು, "ಮೊದಲ ಉಣ್ಣು" ಎಂದು ಬೇಳೆ ಬಡಿಸಿದಳು.