ಅವಳು ಎಲ್ಲಿದ್ದಾಳೆ ಎಂದು ಕೇಳಿಕೊಂಡು ಹೋದ ದಾರಿ

ದೀಪಾವಳಿ ಕಳೆದ ಮೇಲಿನ ಒಂದು ಶನಿವಾರ ಬೆಳಿಗ್ಗೆ ನಾನು ಮತ್ತು ತಂಗಿ ವಸಂತಿ ಮಂಗಳೂರಿನಿಂದ ಬಂಟ್ವಾಳಕ್ಕೆ ಹೊರಟೆವು. ಸರಕಾರಿ ಬಸ್ಸಾದರೆ ಹೆಂಗಸರಿಗೆ ಟಿಕೆಟ್ ಇಲ್ಲ. ಆದರೆ ಮೊದಲು ಬಂದದ್ದು ಖಾಸಗಿ ಬಸ್ಸು, ಅದನ್ನೇ ಹತ್ತಿದೆವು. ವಸಂತಿಗೆ ಐದು ತಿಂಗಳು ತುಂಬುತ್ತಿತ್ತು. ಕಿಟಕಿಯ ಬದಿಯಲ್ಲಿ ಕೂರಿಸಿದೆ.

ಅವಳ ಮೊದಲ ಮಗು ಏಳನೇ ತಿಂಗಳಲ್ಲಿ ಹೊಟ್ಟೆಯಲ್ಲೇ ತೀರಿಕೊಂಡಿತ್ತು. ಹೆಣ್ಣು. ಮಣ್ಣು ಮಾಡಿದ್ದು ಬಿಟ್ಟರೆ ಬೇರೆ ಯಾವ ಕ್ರಿಯೆಯೂ ಆಗಿರಲಿಲ್ಲ. ಒಂದೂವರೆ ವರ್ಷದ ಮೇಲೆ ಮತ್ತೆ ಬಸುರಾದಾಗ ಗಂಡನ ಕಡೆಯ ಒಬ್ಬ ಹಿರಿಯ ಹೆಂಗಸು, "ಅದಕ್ಕೆ ಎಂತದೂ ಮಾಡ್ಲಿಲ್ಲ ಅಲ್ವಾ? ಕುಲೆಯಾಗಿ ಅಲೀತಾ ಉಂಟು, ಇದಕ್ಕೂ ಉಪದ್ರ ಮಾಡೀತು" ಎಂದುಬಿಟ್ಟರು. ಸತ್ತವರ ಪ್ರೇತಕ್ಕೆ ನಮ್ಮ ತುಳುನಾಡಿನಲ್ಲಿ ಕುಲೆ ಎನ್ನುತ್ತಾರೆ. ಅಂದಿನಿಂದ ವಸಂತಿ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ನನ್ನಲ್ಲಿ ಮಾತ್ರ ಇನ್ನೊಂದು ಹೆದರಿಕೆ ಹೇಳಿಕೊಂಡಳು: "ಈಗ ಹೊಟ್ಟೆಯಲ್ಲಿರುವುದು ಅವಳೇಯಾ ಅಕ್ಕ? ಅವಳೇ ಆದ್ರೆ ನಾನು ಯಾರಿಗೆ ಅಳುವುದು? ಅವಳಲ್ಲದಿದ್ರೆ ಅವಳು ಎಲ್ಲಿ?"

ಮೊದಲ ಮಗು ತೀರಿಕೊಂಡಾಗ ಆಸ್ಪತ್ರೆಯ ವಾರ್ಡಿನಲ್ಲಿ ಅವಳ ಅಕ್ಕಪಕ್ಕದ ಮಂಚದಲ್ಲಿದ್ದ ಇಬ್ಬರೂ ಮಗುವನ್ನು ಕಳೆದುಕೊಂಡವರೇ: ಬಂಟ್ವಾಳದ ಜೊಹರಾ, ಮೂಡಬಿದಿರೆಯ ಫಿಲೋಮಿನ. ಅವರನ್ನು ನೋಡಬೇಕು, ಅವರ ಮಕ್ಕಳ ಆತ್ಮ ಎಲ್ಲಿದೆ ಎಂದು ಅವರು ನಂಬಿದ್ದಾರೋ ಕೇಳಬೇಕು ಎಂದು ವಸಂತಿಯೇ ಹಟ ಹಿಡಿದಳು. ಬೆಳ್ತಂಗಡಿಯ ಹತ್ತಿರ ನಮ್ಮ ತಾಯಿಮನೆಗೆ ಪೌರೋಹಿತ್ಯಕ್ಕೆ ಬರುತ್ತಿದ್ದ ಭಟ್ಟರ ಮನೆ. ಸ್ವಲ್ಪ ಸುತ್ತಾದರೂ ಅಲ್ಲಿಗೂ ಹೋಗುವುದೆಂದು ನಾನು ಸೇರಿಸಿದೆ.

ಜೊಹರಾಳ ಮನೆಯ ಹಿತ್ತಿಲಿನಿಂದ ನೇತ್ರಾವತಿ ಕಾಣುತ್ತದೆ. ನಾವು ಕುಳಿತ ಕೂಡಲೇ ಅಕ್ಕಿಯ ಪುಂಡಿ ಕಡುಬು ಮತ್ತು ಕೋಳಿ ಸಾರು ತಂದಿಟ್ಟಳು. ವಸಂತಿ ಒಂದು ಪುಂಡಿಯನ್ನು ಮುರಿದು ತಟ್ಟೆಯಲ್ಲೇ ಇಟ್ಟುಕೊಂಡು ಕುಳಿತಳು. ಅವಳ ಪ್ರಶ್ನೆ ಕೇಳಿ ಜೊಹರಾ ಆಶ್ಚರ್ಯಪಡಲಿಲ್ಲ.

"ನಮ್ಮಲ್ಲಿ ಆತ್ಮಕ್ಕೆ ರೂಹ್ ಅಂತ ಹೇಳುವುದು. ನಾಲ್ಕು ತಿಂಗಳು ತುಂಬುವಾಗ ಮಲಕ್ ಬಂದು ಊದ್ತದೆ, ದೇವದೂತ. ಅದಕ್ಕೆ ಮೊದಲು ಶರೀರ ಮಾತ್ರ. ನನ್ನದು ಎಂಟು ತಿಂಗಳಿನದ್ದಲ್ವಾ, ಹಾಗಾಗಿ ಮೀಯಿಸಿ, ಕಫನ್ ಬಟ್ಟೆ ಸುತ್ತಿ, ಹೆಸರಿಟ್ಟೇ ದಫನ್ ಮಾಡಿದ್ದು. ಉಸಿರಾಡದೆ ಹುಟ್ಟಿದ್ದಕ್ಕೆ ಸತ್ತವರಿಗೆ ಮಾಡುವ ಮಯ್ಯತ್ ನಮಾಝ್ ನಮ್ಮ ಶಾಫಿ ಪಂಗಡದವರಲ್ಲಿ ಇಲ್ಲ."

"ಮತ್ತೆ ಹುಟ್ಟಿ ಬರುವುದು ಉಂಟಾ?"

"ಇಲ್ಲಪ್ಪ. ಒಂದೇ ಜನ್ಮ. ಮಕ್ಕಳನ್ನು ಸ್ವರ್ಗದಲ್ಲಿ ಪ್ರವಾದಿ ಇಬ್ರಾಹಿಂ ನೆಬಿ ನೋಡಿಕೊಳ್ತಾರೆ. ತಾಯಿ ತಾಳ್ಮೆಯಿಂದ ಇದ್ರೆ ಆ ಮಗು ಹೊಕ್ಕುಳಬಳ್ಳಿ ಹಿಡಿದು ಅವಳನ್ನು ಒಳಗೆ ಎಳ್ಕೊಂಡು ಹೋಗ್ತದೆ ಅಂತ ಉಮ್ಮ ಹೇಳಿಕೊಟ್ಟಿದ್ದಾರೆ."

"ಆದ್ರೆ ರೂಹ್ ಅಂದ್ರೆ ಎಂತದು?"

"ಅದು ಮಾತ್ರ ಕೇಳ್ಬೇಡ ಮಾರಾಯ್ತಿ. ಅದು ಸೃಷ್ಟಿ ಮಾಡಿದವನ ಆಜ್ಞೆ, ಮನುಷ್ಯರಿಗೆ ಕೊಟ್ಟ ಅರಿವು ಸ್ವಲ್ಪವೇ ಅಂತ ಕುರ್‌ಆನಿನಲ್ಲೇ ಉಂಟು." ನಂತರ ವಸಂತಿಯ ಹೊಟ್ಟೆ ನೋಡಿ ನಕ್ಕಳು. "ನಮ್ಮ ಲೆಕ್ಕದಲ್ಲಿ ಇದಕ್ಕೆ ರೂಹ್ ಬಂದಾಯ್ತು."

ವಸಂತಿಯ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು.

ಅಲ್ಲಿಂದ ಬೆಳ್ತಂಗಡಿಗೆ ಒಂದು ಗಂಟೆಯ ಮೇಲಾಯಿತು. ಬಿಸಿಲು ಜೋರಿತ್ತು, ರಸ್ತೆ ಅಗಲ ಮಾಡುವ ಕೆಲಸದ ಕೆಂಪು ಧೂಳು ಬೇರೆ. ಭಟ್ಟರಿಗೆ ಎಂಬತ್ತು ದಾಟಿದೆ, ಕಿವಿ ಸ್ವಲ್ಪ ಮಂದ. ನಾನು ಗಟ್ಟಿಯಾಗಿ ವಿಷಯ ಹೇಳಿದೆ. ವಸಂತಿ ತಲೆ ತಗ್ಗಿಸಿಕೊಂಡೇ, "ಪಿಂಡ ಹಾಕ್ಲಿಲ್ಲ ಭಟ್ರೇ. ಈಗ ಹಾಕಬಹುದಾ?" ಎಂದಳು.

"ಯಾಕೆ ಹಾಕುವುದು?" ಎಂದರು ಅವರು. "ಪಿಂಡ ಎಂತಕ್ಕೆ ಅಂತ ಗೊತ್ತುಂಟಾ? ಶರೀರ ಬಿಟ್ಟ ಜೀವವನ್ನು ಪ್ರೇತತ್ವ ಕಳೆದು ಪಿತೃಗಳ ಜೊತೆ ಸೇರಿಸ್ಲಿಕ್ಕೆ. ಹಲ್ಲು ಬಾರದ ಮಗುವಿಗೆ ದಹನ ಇಲ್ಲ, ತರ್ಪಣ ಇಲ್ಲ, ಶ್ರಾದ್ಧ ಇಲ್ಲ. ಮಣ್ಣಿಗೆ ಕೊಡುವುದು, ಅಷ್ಟೇ. ಶಾಸ್ತ್ರವೇ ಹಾಗೆ. ನೀವು ಮಾಡದೆ ಬಿಟ್ಟದ್ದಲ್ಲ ಮಗಳೇ, ಅದಕ್ಕೆ ಬೇಕಾಗಿಯೇ ಇರ್ಲಿಲ್ಲ."

"ಹಾಗಾದ್ರೆ ಕುಲೆ?"

"ಅದು ಊರಿನ ನಂಬಿಕೆ, ನಾನು ತಮಾಷೆ ಮಾಡುವುದಿಲ್ಲ. ಆದ್ರೆ ಮಳೆಗಾಲದ ಆಟಿ ತಿಂಗಳಲ್ಲಿ ನಿಮ್ಮವರು ಕುಲೆಗಳಿಗೆ ಪ್ರೀತಿಯಲ್ಲಿ ಬಡಿಸ್ತಾರಲ್ವಾ? ಸ್ವಂತ ಮಗುವಿಗೆ ಹೆದರುವುದು ಯಾವ ಕ್ರಮ?"

ವಸಂತಿ ಅಳತೊಡಗಿದಳು. ಭಟ್ಟರು ಅಳಲು ಬಿಟ್ಟರು. ಅವಳು ಕಣ್ಣೊರೆಸಿಕೊಂಡು ಎರಡನೇ ಪ್ರಶ್ನೆ ಕೇಳಿದಳು: ಈಗಿನದು ಅವಳೇಯಾ?

"ಆತ್ಮ ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ. ಅದು ಎಲ್ಲಿಗೂ ಹೋಗ್ಲಿಕ್ಕಿಲ್ಲ. ಕರ್ಮದ ಸಂಸ್ಕಾರ ಹೊತ್ತುಕೊಂಡು ಒಂದು ದೇಹದಿಂದ ಇನ್ನೊಂದಕ್ಕೆ ಹೋಗುವುದು ಸೂಕ್ಷ್ಮ ಶರೀರ. ನಾವು ಜೀವ ಅನ್ನುವುದು ಅದರೊಟ್ಟಿಗೆ ಸೇರಿದ ಆತ್ಮವನ್ನು. ಆ ಜೀವ ಯಾವ ಗರ್ಭಕ್ಕೆ ಬಂತು ಅಂತ ಹೇಳ್ಲಿಕ್ಕೆ ನನಗೆ ಬರುವುದಿಲ್ಲ. ಬರ್ತದೆ ಅಂತ ಹೇಳುವವರ ಹತ್ರ ಹೋಗ್ಬೇಡ. ಒಂದು ಮಾತ್ರ ಹೇಳ್ತೇನೆ, ಯಾರು ಬಂದ್ರೂ ಈ ಮಗುವಿಗೆ ಇದೇ ದೇಹ, ಇದೇ ಹೆಸರು. ಬೇರೆಯವರ ಹೆಸರಲ್ಲಿ ಸಾಕಬೇಡ."

ಹೊರಗೆ ಬಂದವಳು ಬಸ್‌ಸ್ಟ್ಯಾಂಡಿನ ಹೋಟೆಲಿನ ಎದುರು ನಿಂತಳು. "ಅಕ್ಕ, ಗೋಳಿಬಜೆ ತಿನ್ನುವನಾ?" ಎರಡು ಪ್ಲೇಟ್ ತರಿಸಿದೆ. ನನ್ನ ಪ್ಲೇಟಿನಿಂದಲೂ ತಿಂದಳು. ಎಷ್ಟೋ ವಾರಗಳಿಂದ ಎದೆಯ ಮೇಲಿದ್ದ ಭಾರ ನನಗೆ ಆಗ ಇಳಿಯಿತು.

ಗುರುವಾಯನಕೆರೆ, ವೇಣೂರು ದಾಟಿ ಮೂಡಬಿದಿರೆ ತಲುಪುವಾಗ ಬಿಸಿಲು ಇಳಿದಿತ್ತು. ಫಿಲೋಮಿನ ನಮ್ಮನ್ನು ನೇರವಾಗಿ ಇಗರ್ಜಿಯ ಹಿಂದಿನ ಸಿಮಿತ್ರಿಗೆ, ಎಂದರೆ ಅವರ ಸ್ಮಶಾನಕ್ಕೆ, ಕರೆದುಕೊಂಡು ಹೋದಳು. ಗೋಡೆಯ ಬದಿಯಲ್ಲಿ ಮೊಳದಷ್ಟು ಉದ್ದದ ಒಂದು ಗೋರಿ, ಅವಳ ಮಗನದು, ಮೇಲೆ ಸೇವಂತಿಗೆ.

"ನಾನೂ ಹೆದರಿದ್ದೆ ವಸಂತಿ," ಎಂದಳು. "ನೀರು ಹೊಯ್ದು ಕೊಡುವ ಜ್ಞಾನಸ್ನಾನ ಜೀವ ಇರುವವರಿಗೆ ಮಾತ್ರ, ಸತ್ತು ಹುಟ್ಟಿದ್ದಕ್ಕೆ ಕೊಡ್ಲಿಕ್ಕಿಲ್ಲ. ಅಂಥ ಮಕ್ಕಳು ಸ್ವರ್ಗದ ಹೊರಗೆ ಲಿಂಬೊ ಅಂತ ಒಂದು ಕಡೆ ಇರ್ತಾರೆ ಅಂತ ನನ್ನ ಅಜ್ಜಿ ಹೇಳ್ತಿದ್ರು. ಫಾದರ್ ಹತ್ರ ಕೇಳಿದೆ. ಅದು ಹಿಂದಿನ ಪಂಡಿತರ ಅಭಿಪ್ರಾಯ, ಧರ್ಮಸಭೆಯ ವಿಶ್ವಾಸಸತ್ಯ ಅಲ್ಲ, ಅವನನ್ನು ದೇವರ ಕರುಣೆಗೆ ಒಪ್ಪಿಸುವುದು ಅಂದ್ರು. ಅವರೇ ಬಂದು ಪ್ರಾರ್ಥನೆ ಮಾಡಿ ಮಣ್ಣು ಕೊಟ್ರು."

"ನಿಮ್ಮಲ್ಲಿ ಆತ್ಮ ಮೊದಲೇ ಇರ್ತದಾ, ಎಲ್ಲಿಂದಾದ್ರೂ ಬರ್ತದಾ?" ಎಂದು ನಾನು ಕೇಳಿದೆ.

"ಇಲ್ಲ. ಗರ್ಭ ನಿಂತಾಗಲೇ ದೇವರು ಹೊಸದಾಗಿ ಸೃಷ್ಟಿ ಮಾಡ್ತಾರೆ, ಒಬ್ಬೊಬ್ಬರಿಗೆ ಒಂದೊಂದು. ಅದಕ್ಕೆ ಮೊದಲು ಇರ್ಲಿಲ್ಲ, ಆದ್ರೆ ಇನ್ನು ಸಾಯುವುದಿಲ್ಲ. ಕೊನೆಯ ದಿನ ಶರೀರ ಎದ್ದು ಬಂದು ಆತ್ಮದ ಜೊತೆ ಸೇರ್ತದೆ. ಹಾಗಾಗಿ ನನ್ನ ಮಗ ಅಂದ್ರೆ ಅವನೇ. ಇನ್ನು ಹತ್ತು ಮಕ್ಕಳಾದ್ರೂ ಅವನು ಅವನೇ."

ಫಿಲೋಮಿನ ಗೋರಿಯ ಮೇಲಿನ ಒಣಗಿದ ಹೂ ತೆಗೆಯಲು ಬಾಗಿದಳು. ವಸಂತಿಯೂ ಕೂತು ಜೊತೆಗೆ ತೆಗೆದಳು. ನಾನು ಸ್ವಲ್ಪ ದೂರ ಹೋಗಿ ನಿಂತೆ.

ಮಂಗಳೂರಿನ ಬಸ್ಸಿಗೆ ಕಾಯುವಾಗ ನಾನು, "ಮೂರು ಕಡೆಯೂ ಒಂದೇ ಹೇಳಿದ ಹಾಗಾಯ್ತು" ಎಂದೆ.

"ಒಂದೇ ಎಲ್ಲಿ ಅಕ್ಕ?" ಎಂದಳು ವಸಂತಿ. "ಒಬ್ಬರ ಲೆಕ್ಕದಲ್ಲಿ ಆತ್ಮ ಹುಟ್ಟಿಯೇ ಇಲ್ಲದ್ದು, ಒಬ್ಬರದು ನಾಲ್ಕು ತಿಂಗಳಿಗೆ ಊದಿದ್ದು, ಒಬ್ಬರದು ಮೊದಲ ದಿನವೇ ಮಾಡಿದ್ದು. ಭಟ್ರು ತಿರುಗಿ ಬರ್ತದೆ ಅಂದ್ರು, ಇವರಿಬ್ಬರು ಇಲ್ಲ ಅಂದ್ರು. ಆದ್ರೆ ಅವಳು ಅನಾಥಳಾಗಿ ಅಲೀತಾಳೆ ಅಂತ ಯಾರೂ ಹೇಳ್ಲಿಲ್ಲ." ಅವಳು ಹೇಳಿದ್ದೇ ಸರಿ ಎಂದು ಒಪ್ಪಿಕೊಂಡೆ.

ಬಸ್ಸಿನಲ್ಲಿ ಎದುರು ಸೀಟಿನ ಹೆಂಗಸೊಬ್ಬರು ಎದ್ದು ವಸಂತಿಗೆ ಜಾಗ ಕೊಟ್ಟರು. ಪಕ್ಕದಲ್ಲಿ ಕಂಬ ಹಿಡಿದು ನಿಂತುಕೊಂಡೇ ವಿಚಾರಿಸಿದರು: "ಎಷ್ಟನೆಯದು?"

ಇಂಥ ಪ್ರಶ್ನೆಗೆ ಅವಳು ಸಾಮಾನ್ಯವಾಗಿ ಮುಖ ತಿರುಗಿಸುತ್ತಾಳೆ.

"ಎರಡನೆಯದು," ಎಂದಳು ವಸಂತಿ. "ಮೊದಲನೆಯವಳು ಮಗಳು."